ಕಕ್ಷಿದಾರರು ಬಿಲ್ ಕಳಿಸೋದಿಲ್ಲ, ಹೇಗೆ ಕೇಳೋದು?

ಪ್ರಶ್ನೆ (ದಾವಣಗೆರೆ): ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಯವರ ಜಿಎಸ್‌ಟಿ ನೋಡ್ತೀನಿ. "ಉಳಿದ ಬಿಲ್ ಬೇಗ ಕಳಿಸಿ ಅಣ್ಣಾ" ಅಂದರೆ ನಲವತ್ತು ಫೋಟೊ ಬರುತ್ತೆ, ಬೇಕಾದ್ದು ಮಾತ್ರ ಇರಲ್ಲ. ಜೋರಾಗಿ ಕೇಳಿದರೆ ಬೇಜಾರಾಗ್ತಾರೆ.

ಉತ್ತರ (ಚಿತ್ರದುರ್ಗ, ತೆರಿಗೆ ಸಲಹೆಗಾರ): "ಉಳಿದ ಬಿಲ್" ಅಂದರೆ ಯಾವುದು ಅಂತ ಅವರಿಗೇ ಗೊತ್ತಿರಲ್ಲ. ಮೊದಲು ಬಿಲ್ ನಂಬರ್ ಸಾಲಾಗಿ ಜೋಡಿಸಿ, ನಡುವೆ ಯಾವುದು ಇಲ್ಲ ನೋಡಿ. ಆಮೇಲೆ ಒಂದೇ ಮೆಸೇಜ್, ಹೀಗೆ:

ಅಣ್ಣಾ ನಮಸ್ಕಾರ. ಆಗಸ್ಟ್ ಬಿಲ್‌ಗಳು ಬಂದಿವೆ. ಮೂರು ವಿಷಯ ಬಾಕಿ ಇದೆ.
1. ಮಾರಾಟದ ಬಿಲ್ 212, 213, 219. ರದ್ದಾಗಿದ್ದರೆ "ರದ್ದು" ಅಂತ ಬರೆದರೆ ಸಾಕು.
2. ಬಿಲ್ 226ರಲ್ಲಿ ಗಿರಾಕಿಯ ಜಿಎಸ್‌ಟಿ ನಂಬರ್ ಮಸುಕಾಗಿದೆ. ಅಷ್ಟು ಭಾಗದ್ದೇ ಹತ್ತಿರದಿಂದ ಫೋಟೊ.
3. 19ರಂದು ವಾಪಸ್ ಬಂದ ಮಾಲಿಗೆ ಕ್ರೆಡಿಟ್ ನೋಟ್ ಕೊಟ್ಟಿದ್ದೀರಾ? ಕೊಟ್ಟಿದ್ದರೆ ಕಾಪಿ.
ಸೋಮವಾರ, 7ನೇ ತಾರೀಖು ಸಂಜೆ 5ರೊಳಗೆ ಕಳಿಸಿ. ಜಿಎಸ್‌ಟಿಆರ್-1 ಹಾಕಲು 11 ಕೊನೆ. ಬಿಲ್ ಬಿಟ್ಟುಹೋದರೆ ನಿಮ್ಮ ಗಿರಾಕಿಗೆ ಈ ತಿಂಗಳು ಕ್ರೆಡಿಟ್ ಕಾಣಲ್ಲ.

"ರದ್ದು" ಅನ್ನೋದೂ ಒಂದು ಉತ್ತರ ಅಂತ ಮೊದಲೇ ಹೇಳಿ. ಇಲ್ಲದ ಕಾಗದ ಕೇಳಿದರೆ ಮನುಷ್ಯ ಸುಮ್ನಾಗಿಬಿಡ್ತಾನೆ, ನಾವು ಸೋಮಾರಿತನ ಅಂದುಕೊಳ್ತೀವಿ. ರಿಟರ್ನ್‌ನಲ್ಲೂ ಎಷ್ಟು ನಂಬರ್ ರದ್ದಾಯ್ತು ಅಂತ ತೋರಿಸಬೇಕು, ಹಾಗಾಗಿ ಅದು ನಮಗೂ ಬೇಕಾದದ್ದೇ.

ಇನ್ನೊಬ್ಬರು: ಇಷ್ಟೆಲ್ಲಾ ಯಾಕೆ? ಬಿಟ್ಟುಹೋದ ಬಿಲ್ ಮುಂದಿನ ತಿಂಗಳು ಹಾಕಿದರಾಯ್ತು.

ಉತ್ತರ (ಚಿತ್ರದುರ್ಗ): ಹಾಕಬಹುದು ಸ್ವಾಮಿ, ಅದು ನಿಜ. ಆದರೆ ತೆರಿಗೆ ಆಗಸ್ಟಿನದೇ, ತಡವಾದಷ್ಟು ದಿನಕ್ಕೆ ವರ್ಷಕ್ಕೆ ಶೇಕಡಾ 18ರ ಲೆಕ್ಕದಲ್ಲಿ ಬಡ್ಡಿ. ಅದಕ್ಕಿಂತ ಜಾಸ್ತಿ ತಲೆನೋವು ಗಿರಾಕಿಯದು. 14ರಂದು ಅವನಿಗೆ ಬರೋ ಕ್ರೆಡಿಟ್ ಪಟ್ಟಿಯಲ್ಲಿ ಬಿಲ್ ಇಲ್ಲದಿದ್ದರೆ ಅವನು ಫೋನ್ ಮಾಡೋದು ಅಂಗಡಿಗೆ, ಅಂಗಡಿಯವರು ನಮಗೆ. ಒಮ್ಮೆ ನನ್ನ ಕಕ್ಷಿದಾರರೊಬ್ಬರಿಗೆ ಹೀಗೇ ಆಗಿ, ಗಿರಾಕಿ ತೆರಿಗೆ ಮೊತ್ತ ಹಿಡಿದುಕೊಂಡೇ ಹಣ ಕೊಟ್ಟಿದ್ದ.

ಮತ್ತೊಬ್ಬರು: ನಮ್ಮ ಮಾವನ ಮನೆ ಸಾಲಕ್ಕೂ ಬ್ಯಾಂಕಿನವರು ಇದೇ ರೀತಿ ಮೂರು ಸಲ ಓಡಾಡಿಸಿದರು. ಅವರಿಗೂ ಈ ಪಟ್ಟಿ ಕಳಿಸಬಹುದಾ?

ಪ್ರಶ್ನೆ ಕೇಳಿದವರು: ಅದು ಬೇರೆ ಕಥೆ ಅಣ್ಣಾ 😀 ನಾನು ಕಳಿಸಿದೆ. ಅರ್ಧ ಗಂಟೆಯಲ್ಲೇ "212, 213 ರದ್ದು" ಅಂತ ಬಂತು, 219ರ ಫೋಟೊನೂ ಬಂತು. ಎರಡನೇದೂ ಆಯ್ತು. ಮೂರಕ್ಕೆ "ನೋಡ್ತೀನಿ" ಅಂದಿದ್ದಾರೆ.

ಉತ್ತರ (ಚಿತ್ರದುರ್ಗ): ಹಾಗಾದರೆ ಪೂರ್ತಿ ಪಟ್ಟಿ ಮತ್ತೆ ಹಾಕಬೇಡಿ. ಸೋಮವಾರ ಬೆಳಿಗ್ಗೆ "ಅಣ್ಣಾ, 1, 2 ಆಯ್ತು, 3 ಮಾತ್ರ ಬಾಕಿ, ಸಂಜೆ 5ರೊಳಗೆ" ಅಷ್ಟು ಸಾಕು. ನಂಬರ್ 3 ಅಂತಲೇ ಇರಲಿ, ಹೊಸದಾಗಿ 1 ಅಂತ ಬರೆದರೆ ಹಳೇದನ್ನೇ ಮತ್ತೆ ಕಳಿಸ್ತಾರೆ.

ಪ್ರಶ್ನೆ ಕೇಳಿದವರು: ಸಂಜೆ 5 ದಾಟಿದರೆ?

ಉತ್ತರ (ಚಿತ್ರದುರ್ಗ): ಅಂಗಡಿಗೇ ಹೋಗಿ. ಮಂಡಿಪೇಟೆ ಅಲ್ವಾ, ಚಹಾನೂ ಸಿಗುತ್ತೆ.