ಪದ ಬೇಕು: ಕ್ಲೋಸ್ಡ್ ಟೆಸ್ಟಿಂಗ್‌ಗೆ ‘ಮುಚ್ಚಿದ ಪರೀಕ್ಷೆ’ ಅಲ್ಲದೆ ಬೇರೇನು?

ಎಲ್ಲರಿಗೂ ನಮಸ್ಕಾರ. ರಾತ್ರಿಯೊಳಗೆ ಒಂದು ಪದ ಬೇಕಿತ್ತು.

ಅಡಿಕೆ ಕೊಯ್ಲಿನ ಕೂಲಿ ಲೆಕ್ಕ ಬರೆದಿಡಲು ಒಂದು ಆಪ್ ಮಾಡಿದ್ದೇನೆ. ಪ್ಲೇ ಸ್ಟೋರಿನಲ್ಲಿ ಎಲ್ಲರಿಗೂ ಬಿಡುವ ಮೊದಲು ನಮ್ಮೂರಿನ 15 ಬೆಳೆಗಾರರಿಗೆ ಮಾತ್ರ ಕೊಟ್ಟು ನೋಡಬೇಕು. ಇದಕ್ಕೆ ಸ್ಟೋರಿನಲ್ಲಿ ಕ್ಲೋಸ್ಡ್ ಟೆಸ್ಟಿಂಗ್ ಅಂತಾರೆ. ‘ಮುಚ್ಚಿದ ಪರೀಕ್ಷೆಗೆ ನಿಮ್ಮನ್ನು ಪರೀಕ್ಷಕರಾಗಿ ಆರಿಸಿದ್ದೇವೆ’ ಎಂದು ವಾಟ್ಸಾಪ್ ಕಳಿಸಿದೆ. ನಾಲ್ಕೇ ಜನ ಸೇರಿದರು. ಪಕ್ಕದ ಮನೆ ಮಾವ ಫೋನ್ ಮಾಡಿ, ‘ಪರೀಕ್ಷೆ ಮುಚ್ಚಿದೆ ಅಂದ್ಮೇಲೆ ನಂಗ್ಯಾಕೆ ಕಳಿಸ್ದೆ ತಂಗೀ?’ ಅಂದರು. ರಿಟೈರಾದ ಮೇಷ್ಟ್ರೊಬ್ಬರು ಪೇಪರ್ ತಿದ್ದುವ ಕೆಲಸ ಅಂದುಕೊಂಡು, ಕಣ್ಣು ಸರಿಯಿಲ್ಲ ಎಂದು ಹೇಳಿ ಕಳಿಸಿದರು. 12 ಜನವಾದರೂ ಸೇರಲೇಬೇಕು. ಏನನ್ನಲಿ?
— ಸ.ಹೆ., ಶಿರಸಿ

‘ಒಳಬಳಗದ ಒರೆ’. ಟೆಸ್ಟರ್ ‘ಒರೆಗಾರ’, ಓಪನ್ ಟೆಸ್ಟಿಂಗ್ ‘ಬಯಲೊರೆ’. ಚಿನ್ನವನ್ನು ಒರೆಗೆ ಹಚ್ಚುವುದು ನಮ್ಮದೇ ಮಾತು. ಪರೀಕ್ಷೆ ಸಂಸ್ಕೃತ, ಬೇಡ.
— ಗು.ರಾ., ತುಮಕೂರು

ಒರೆ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಕತ್ತಿಯ ಒರೆ. ‘ಒರೆಗಾರ’ ಎಂದು ಕಳಿಸಿದರೆ ಆ ನಾಲ್ಕು ಜನವೂ ಹೋಗ್ತಾರೆ. ನಾಟಕದವರು ಹೇಳುವ ‘ತಾಲೀಮು’ ಚೆನ್ನಾಗಿದೆ, ಅಲ್ವಾ? ಜನರ ಮುಂದೆ ಬರುವ ಮೊದಲು ಮಾಡುವುದು. ಇನ್ನು ನೀವು ಸುಮ್ನೆ ಇಂಟರ್ನಲ್ ಟೆಸ್ಟಿಂಗ್‌ಗೆ ಹಾಕಿ ಮೇಡಂ. 100 ಜನರವರೆಗೆ ಸೇರಿಸಬಹುದು, ಬಿಲ್ಡ್ ಕೂಡ ಬೇಗ ತಲುಪುತ್ತೆ.
— ಅ.ಕು., ಧಾರವಾಡ

ತಾಲೀಮು ಅರಬ್ಬಿಯಿಂದ ಬಂದದ್ದು. ಪರೀಕ್ಷೆ ಬೇಡ ಅಂದ ಮೇಲೆ ಅದೂ ಬೇಡ.
— ಗು.ರಾ.

ಗರಡಿಯಲ್ಲಿ ತಲೆತಲಾಂತರದಿಂದ ತಾಲೀಮು ಮಾಡಿದವರನ್ನು ಕೇಳಿ, ಅದು ಯಾರ ಮಾತು ಅಂತ. ಪದಕ್ಕೆ ವಂಶಾವಳಿ ಕೇಳುವ ಚಾಳಿ ಬಿಡಿ.
— ಅ.ಕು.

ಜಗಳ ಆಮೇಲೆ. ಅ.ಕು. ಅವರೇ, 100 ಜನ ಅನ್ನೋದು ನಿಜ. ಆದರೆ ಇವರಿಗೆ ಅದು ಸಾಲದು. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಡೆವಲಪರ್ ಖಾತೆಯಾದರೆ, ಆಪ್ ಎಲ್ಲರಿಗೂ ಬಿಡುವ ಮುಂಚೆ ಕ್ಲೋಸ್ಡ್ ಟೆಸ್ಟಿಂಗ್‌ನಲ್ಲೇ ಕನಿಷ್ಠ 12 ಜನ 14 ದಿನ ಬಿಡದೆ ಸೇರಿಕೊಂಡಿರಬೇಕು. ಮೊದಲು 20 ಇತ್ತು, 2024ರ ಡಿಸೆಂಬರ್‌ನಲ್ಲಿ ಇಳಿಸಿದರು. ಇಂಟರ್ನಲ್‌ನಲ್ಲಿ 100 ಜನ ಇದ್ದರೂ ಈ ಲೆಕ್ಕಕ್ಕೆ ಬರುವುದಿಲ್ಲ.

ತಾಲೀಮು ಕೂಡ ಹೊಂದುವುದಿಲ್ಲ. ತಾಲೀಮು ಮಾಡುವುದು ಪಾತ್ರಧಾರಿಗಳು. ಇಲ್ಲಿ ಬೆಳೆಗಾರರು ನೋಡಿ ಹೇಳುವವರು. ಅಡುಗೆಮನೆಯಲ್ಲಿ ಸಾರು ಬಡಿಸುವ ಮುಂಚೆ ಯಾರನ್ನೋ ಕರೆದು ‘ಉಪ್ಪು ನೋಡು’ ಅಂತೀವಲ್ಲ, ಆ ಕೆಲಸ.

ಹೆಗಡೆಯವರೇ, ನಿಮ್ಮ ನಿಜವಾದ ತೊಂದರೆ ‘ಆರಿಸಿದ್ದೇವೆ’ ಅನ್ನುವ ಪದದಲ್ಲಿದೆ ಅನಿಸುತ್ತೆ. ಅದನ್ನು ಓದಿದವರು ಕೆಲಸ ಮುಗಿಯಿತು ಅಂದುಕೊಳ್ತಾರೆ. ಪಟ್ಟಿಯಲ್ಲಿ ನೀವು ಜಿಮೇಲ್ ವಿಳಾಸ ಹಾಕಿದರೆ ಬಾಗಿಲು ತೆರೆದಂತೆ, ಅಷ್ಟೇ. ಅವರೇ ಲಿಂಕ್ ಒತ್ತಿ, `Become a tester` ಒತ್ತಿದರೆ ಮಾತ್ರ ಒಳಗೆ ಬಂದಂತೆ. 14 ದಿನದ ಎಣಿಕೆಗೆ ಬೇಕಾದದ್ದು ಅದು. ಸ್ಟೋರಿನಲ್ಲಿ ಹುಡುಕಿದರೂ ಈ ಆಪ್ ಕಾಣುವುದಿಲ್ಲ, ಲಿಂಕೇ ದಾರಿ. ಫೋನಿನಲ್ಲಿ ಮಗನ ಜಿಮೇಲ್ ಇದ್ದು ಪಟ್ಟಿಯಲ್ಲಿ ಅಪ್ಪನದ್ದಿದ್ದರೆ ಲಿಂಕ್ ಒತ್ತಿದರೂ ಆಪ್ ಸಿಗುವುದಿಲ್ಲ. ಹಳ್ಳಿಯಲ್ಲಿ ಇದೇ ಜಾಸ್ತಿ.
— ಪ್ರ.ನಾ., ಬೆಂಗಳೂರು

ನಮ್ಮ ಲ್ಯಾಬಿನ ಬೋರ್ಡಿನಲ್ಲಿ ‘ರಕ್ತ ತಪಾಸಣೆ’ ಅಂತ ಬರೆಸಿದ್ದೇವೆ, ಎಲ್ಲರಿಗೂ ಅರ್ಥವಾಗುತ್ತೆ. ನೀವೂ ತಪಾಸಣೆ ಅನ್ನಿ.
— ಶಾ.ಬ., ಹುಬ್ಬಳ್ಳಿ

ಬೇಡ ಅಕ್ಕಾ. ಕೂಲಿ ಲೆಕ್ಕದ ಆಪ್‌ಗೆ ‘ತಪಾಸಣೆ’ ಅಂದರೆ ಅಧಿಕಾರಿಗಳು ಲೆಕ್ಕ ನೋಡೋಕೆ ಬಂದ್ರು ಅಂದುಕೊಳ್ತಾರೆ.
— ಪ್ರ.ನಾ.

ಎಲ್ಲರಿಗೂ ಥ್ಯಾಂಕ್ಸ್. ಹೀಗೆ ಕಳಿಸಿದೆ: ‘ಎಲ್ಲರಿಗೂ ಬಿಡುವ ಮುಂಚೆ ಈ ಆಪ್ ಬಳಸಿ ನೋಡಿ, ತಪ್ಪಿದ್ದರೆ ಹೇಳಿ. ನೀವು ನನಗೆ ಕೊಟ್ಟ ಜಿಮೇಲ್ ಇರುವ ಫೋನಿನಲ್ಲೇ ಈ ಲಿಂಕ್ ಒತ್ತಿ. ಆಮೇಲೆ ನೀಲಿ ಗುಂಡಿ ಒತ್ತಿ ಸೇರಿಕೊಳ್ಳಿ. ಎರಡು ವಾರ ಬಿಟ್ಟು ಹೋಗಬೇಡಿ.’ ಟೆಸ್ಟರ್‌ಗೆ ‘ಬಳಸಿ ನೋಡುವವರು’ ಅಂತ ಇಟ್ಟೆ. ಈಗ 11 ಆಗಿದ್ದಾರೆ. ಮೇಷ್ಟ್ರೂ ಸೇರಿದರು. ಮಾವನ ಫೋನಿನಲ್ಲಿ ಮೊಮ್ಮಗಳ ಜಿಮೇಲ್ ಇತ್ತು, ಪಟ್ಟಿಗೆ ಅದನ್ನೇ ಹಾಕಿದ್ದೇನೆ.
— ಸ.ಹೆ.

ಅದು ವಾಕ್ಯ, ಪದ ಅಲ್ಲ. ಮೆನುವಿನಲ್ಲಿ ಎರಡು ಪದ ಹಿಡಿಸುವುದಿಲ್ಲ. ಒರೆಯನ್ನು ನಾನು ಬಿಡುವುದಿಲ್ಲ.
— ಗು.ರಾ.

ಮೆನುವಿಗೆ ‘ಟೆಸ್ಟರ್’ ಸಾಕು. ಬಲ್ಬ್ ಹೋದಾಗ ಊರಲ್ಲಿ ಎಲ್ಲರೂ ಕೇಳುವುದು ಟೆಸ್ಟರನ್ನೇ.
— ಅ.ಕು.

ಅದು ಸ್ಕ್ರೂಡ್ರೈವರ್ ರೀ.
— ಗು.ರಾ.