ಸಹಾಯ ಬೇಕು: ಸಿಟ್ಟಿನಲ್ಲಿ ಬರೆದ ಮೇಲ್ ತಿದ್ದಿಕೊಡಿ
ಪುಣೆಯ ಕೋಥ್ರೂಡ್‌ನಲ್ಲಿ ಬಾಡಿಗೆ ಮನೆ ಬಿಟ್ಟು ತಿಂಗಳಾಯಿತು. ಪೇಂಟಿಂಗ್ ಖರ್ಚು ಅಂತ ಮಾಲೀಕರು ಡಿಪಾಜಿಟ್‌ನಲ್ಲಿ 18,000 ಹಿಡಿದುಕೊಂಡಿದ್ದಾರೆ. ರಾತ್ರಿ ಸಿಟ್ಟಿನಲ್ಲಿ "ನೀವು ಮೋಸಗಾರರು, ಕೋರ್ಟಿಗೆ ಎಳೀತೀನಿ" ಅಂತ ಮೇಲ್ ಬರೆದೆ. ಪುಣ್ಯಕ್ಕೆ ಕಳಿಸಲಿಲ್ಲ. ಬೆಳಿಗ್ಗೆ ಬೈಗುಳ ತೆಗೆದು ಹೀಗೆ ಮಾಡಿದೆ:

"ಪೇಂಟಿಂಗ್ ಖರ್ಚು ಬಾಡಿಗೆದಾರರದು ಅಂತ ಅಗ್ರಿಮೆಂಟಿನಲ್ಲಿ ಎಲ್ಲೂ ಇಲ್ಲ. ಮನೆ ಬಿಟ್ಟ ದಿನದ ಫೋಟೋ ಜೊತೆಗಿಟ್ಟಿದ್ದೇನೆ. ಈ ಕಡಿತ ನನಗೆ ಒಪ್ಪಿಗೆಯಿಲ್ಲ. 15ನೇ ತಾರೀಖಿನೊಳಗೆ ಹಣ ವಾಪಸ್ ಕೊಡಿ."

ಮೊದಲು ಕೊನೆಗೆ "ದಯವಿಟ್ಟು ಯೋಚಿಸಿ ನೋಡಿ" ಅಂತಿತ್ತು. ಬೇಡಿಕೊಂಡ ಹಾಗೆ ಕಾಣಿಸಿತು, ಅದಕ್ಕೇ ತಾರೀಖು ಹಾಕಿದೆ. ಕೋರ್ಟಿನ ಮಾತು ಈಗಲೇ ಬೇಕಾ, ಅಥವಾ ಮುಂದಿನ ಮೇಲ್‌ಗೆ ಇಡಲಾ? ಹಾಲ್ ಗೋಡೆಯಲ್ಲಿ ನಾನೇ ಹೊಡೆದ ಎರಡು ಮೊಳೆಯ ತೂತಿವೆ. ಅಷ್ಟರ ಖರ್ಚು ಕೊಡ್ತೀನಿ ಅಂತ ಬರೆದರೆ ನನ್ನ ಮಾತು ಸಡಿಲ ಆಗುತ್ತಾ? ಸಂಜೆಯೊಳಗೆ ಕಳಿಸಬೇಕು, ದಯವಿಟ್ಟು ಹೇಳಿ.