ಅಪ್‌ಡೇಟ್: ತುಂಬಾ ಒಣ ಚರ್ಮಕ್ಕೆ ಸೋಪೋ, ಬಾಡಿ ವಾಶೋ?

ನನ್ನ ಪ್ರಶ್ನೆ: "ಚಳಿಗಾಲದಲ್ಲಿ ಕಾಲಿನ ಚರ್ಮ ಬಿರಿಯುತ್ತದೆ. ಸೋಪ್ ಬಿಟ್ಟು ಬಾಡಿ ವಾಶ್ ತಗೊಳ್ಳಲಾ?"

ಅಪ್‌ಡೇಟ್: ಈಗ ತುರಿಕೆ ಕಡಿಮೆ, ಮೊಣಕಾಲಿನ ಕೆಳಗೆ ಏಳುತ್ತಿದ್ದ ಬಿಳಿ ಹೊಟ್ಟೂ ಇಲ್ಲ. ಬಾರೋ ಬಾಟಲಿಯೋ ಅನ್ನುವುದಕ್ಕಿಂತ ಒಳಗೇನಿದೆ ಅನ್ನುವುದೇ ಮುಖ್ಯ. ಪಟ್ಟಿಯಲ್ಲಿ ಮೊದಲಿಗೇ 'ಸೋಡಿಯಂ ಪಾಮೇಟ್' ಇದ್ದರೆ ಅದು ಅಸಲಿ ಸೋಪು. ಅದರ ಪಿಎಚ್, ಅಂದರೆ ಕ್ಷಾರ-ಆಮ್ಲದ ಅಳತೆ, 9–10, ನಮ್ಮ ಚರ್ಮದ್ದು ಸುಮಾರು 5. ಹಾಗಾಗಿ ಅದು ಚರ್ಮವನ್ನು ಇನ್ನಷ್ಟು ಒಣಗಿಸಬಹುದು. ಸೋಪಿನ ಕೊಬ್ಬಿನಂಶ ತೋರಿಸುವ ಟಿಎಫ್‌ಎಂ ಜಾಸ್ತಿ ಇದ್ದರೂ ಪಿಎಚ್ ಇಳಿಯುವುದಿಲ್ಲ. ನಾನು ತಗೊಂಡದ್ದು 'ಸೋಡಿಯಂ ಕೊಕೊಯಿಲ್ ಐಸೆಥಿಯೊನೇಟ್' ಅನ್ನುವ ಸೌಮ್ಯ ಕ್ಲೆನ್ಸರ್ ಇರುವ, ಪಿಎಚ್ 5.5ರ, ಸುವಾಸನೆ ಇಲ್ಲದ ಬಾರ್. ಅದರಲ್ಲಿರುವ ಗ್ಲಿಸರಿನ್ ಬಹುಪಾಲು ನೀರಿನ ಜೊತೆ ತೊಳೆದುಹೋಗುತ್ತದೆ ಅಲ್ವಾ? ಅದಕ್ಕೇ ಮೈ ಇನ್ನೂ ಒದ್ದೆ ಇರುವಾಗಲೇ ದಪ್ಪ ಕ್ರೀಮ್ ಹಚ್ಚುತ್ತೇನೆ. ಹಿಮ್ಮಡಿಯ ಬಿರುಕು ಮಾತ್ರ ಹಾಗೇ ಇದೆ. ಅದಕ್ಕೆ ಯೂರಿಯಾ ಕ್ರೀಮ್ ಶುರು ಮಾಡಿದ್ದೇನೆ.